ಟರ್ನಿಂಗ್ ಸೆಕ್ಷನ್ನಿನ ಸೀನಿಯಾರಿಟಿ ಲಿಸ್ಟ್

ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ನಾನು ಆಡಳಿತದ ಕೆಲಸ ನೋಡಿಕೊಳ್ಳುತ್ತಿದ್ದೆ. ಒಟ್ಟು 86 ಜನ ಕಾರ್ಮಿಕರು. ವಾಹನಗಳ ಬಿಡಿಭಾಗ ಮಾಡಿ ಕೊಡುವ ಕೆಲಸ. 2019ರಲ್ಲಿ ವಾಹನ ಮಾರಾಟ ಬಿದ್ದು ನಮ್ಮ ಆರ್ಡರೂ ಇಳಿಯಿತು. ಆಗಸ್ಟಿನಲ್ಲಿ ಮಾಲೀಕರು ನನ್ನನ್ನು ಕರೆದು, ಸಿಎನ್‌ಸಿ ಟರ್ನಿಂಗ್ ಸೆಕ್ಷನ್ನಿನ 14 ಆಪರೇಟರುಗಳಲ್ಲಿ ನಾಲ್ಕು ಜನರನ್ನು ಕಡಿಮೆ ಮಾಡಲೇಬೇಕು ಎಂದರು.

ಯಾರನ್ನು ಕಳಿಸಬೇಕು ಅನ್ನೋದನ್ನು ನಾವು ಕೂತು ತೀರ್ಮಾನಿಸುವ ಹಾಗಿಲ್ಲ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಜಿ ಕಲಂ ಅದನ್ನು ಹೇಳುತ್ತಿತ್ತು. ಆ ವರ್ಗದ ಕೆಲಸಕ್ಕೆ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಇಲ್ಲಿ 'ಆ ವರ್ಗ' ಅನ್ನೋದೇ ಮುಖ್ಯ. ಇಡೀ ಫ್ಯಾಕ್ಟರಿಗೆ ಒಂದೇ ಲಿಸ್ಟ್ ಅಲ್ಲ. ಆಪರೇಟರುಗಳಿಗೆ ಬೇರೆ, ಹೆಲ್ಪರುಗಳಿಗೆ ಬೇರೆ, ಫಿಟ್ಟರುಗಳಿಗೆ ಬೇರೆ.

ಆಪರೇಟರುಗಳ ಲಿಸ್ಟ್ ಮಾಡಿದಾಗ ತೀರಾ ಕೊನೆಯಲ್ಲಿ ಬಂದ ಹೆಸರು ನೋಡಿ ನನಗೆ ಕೈಯೇ ಓಡಲಿಲ್ಲ. ಅವರ ಟೋಕನ್ ನಂಬರ್ 23. 2006ರಲ್ಲಿ ಹೆಲ್ಪರ್ ಆಗಿ ಸೇರಿದವರು. ಹದಿಮೂರು ವರ್ಷ ಕೆಲಸ ಮಾಡಿ, 2019ರ ಜನವರಿಯಲ್ಲಷ್ಟೇ ಆಪರೇಟರ್ ಆಗಿದ್ದರು. ಫ್ಯಾಕ್ಟರಿಗೆ ಹಳಬರು, ಆದರೆ ಆ ವರ್ಗಕ್ಕೆ ಎಲ್ಲರಿಗಿಂತ ಹೊಸಬರು. ಅಂದರೆ ಬಡ್ತಿ ಸಿಕ್ಕಿದ್ದಕ್ಕೇ ಮನೆಗೆ ಹೋಗಬೇಕಾದ ಪರಿಸ್ಥಿತಿ.

ಒಟ್ಟು ಸರ್ವಿಸ್ ಲೆಕ್ಕ ಹಿಡಿದರೆ ಅವರು ಉಳಿಯುತ್ತಿದ್ದರು. ಆದರೆ ಆಗ 2017ರಲ್ಲಿ ಆಪರೇಟರ್ ಆಗಿಯೇ ಸೇರಿದ ಇನ್ನೊಬ್ಬರು ಹೋಗಬೇಕಾಗುತ್ತಿತ್ತು. ಒಬ್ಬರನ್ನು ಉಳಿಸಲು ಇನ್ನೊಬ್ಬರ ಹಕ್ಕು ಕಿತ್ತುಕೊಂಡ ಹಾಗೆ ಅಲ್ವಾ? ಕಾಯ್ದೆಯಲ್ಲಿ ಒಂದು ದಾರಿ ಇತ್ತು. 'ಬೇರೆ ಒಪ್ಪಂದ ಇಲ್ಲದಿದ್ದರೆ' ಈ ಕ್ರಮ ಎಂದಿತ್ತು. ಯೂನಿಯನ್ ಕಾರ್ಯದರ್ಶಿಯನ್ನು ಕರೆದು ಮಾತಾಡಿದೆ. ಜುಲೈನಲ್ಲಿ ಒಬ್ಬ ಹೆಲ್ಪರ್ ಕೆಲಸ ಬಿಟ್ಟಿದ್ದರು, ಆ ಜಾಗ ಖಾಲಿ ಇತ್ತು. "ಅಣ್ಣಾ, ಸಂಬಳ ಕಡಿಮೆ ಮಾಡಲ್ಲ. ಹೆಲ್ಪರ್ ಆಗಿ ವಾಪಸ್ ಹೋಗ್ತೀರಾ?" ಎಂದು ಟೋಕನ್ 23ರವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೇಲಿ ಕೇಳಿ ನಾಳೆ ಹೇಳ್ತೀನಿ ಸರ್" ಎಂದರು. ಮರುದಿನ ಒಪ್ಪಿದರು. ಅವರು, ಯೂನಿಯನ್, ಆಡಳಿತ ಮೂರೂ ಕಡೆಯ ಸಹಿ ಹಾಕಿಸಿ ಬರಹದಲ್ಲಿ ಮಾಡಿಕೊಂಡೆವು. ಹೀಗೆ ಹೋಗಬೇಕಾದವರು ನಾಲ್ಕರಿಂದ ಮೂರಕ್ಕೆ ಇಳಿದರು. ಯಾರ ಹಕ್ಕಿಗೂ ಕುತ್ತು ಬರಲಿಲ್ಲ.

ಆಮೇಲೆ ಲಿಸ್ಟನ್ನು ನೋಟಿಸ್ ಬೋರ್ಡಿಗೆ ಹಾಕಿದೆ. ಆಗಿನ ಕೇಂದ್ರದ ನಿಯಮಗಳಲ್ಲಿ ಕೆಲಸದಿಂದ ಕಳಿಸುವ ಕನಿಷ್ಠ 7 ದಿನ ಮೊದಲು ಹಾಕಬೇಕು ಎಂದಿತ್ತು. ನಾನು 15 ದಿನ ಇಟ್ಟೆ. ಅದು ಒಳ್ಳೆಯದೇ ಆಯಿತು. ಮೂರನೇ ದಿನ ಕೊನೆಯ ಹೆಸರಿನ ಹುಡುಗ ಒಂದು ಮಡಚಿದ ಸಂಬಳದ ಚೀಟಿ ತಂದ. ಲಿಸ್ಟಿನಲ್ಲಿ ಅವನು ಸೇರಿದ್ದು 2018ರ ಸೆಪ್ಟೆಂಬರ್ ಎಂದಿತ್ತು. ನಾನು ಪಿಎಫ್ ದಾಖಲೆ ನೋಡಿ ಬರೆದಿದ್ದೆ. ಅವನ ಚೀಟಿ 2018ರ ಏಪ್ರಿಲ್‌ನದು. ಹಳೇ ಮಸ್ಟರ್ ರೋಲ್ ತೆಗೆದು ನೋಡಿದರೆ ಅವನ ಮಾತೇ ಸರಿ. ಪಿಎಫ್‌ಗೆ ಹೆಸರು ಸೇರಿಸಿದ್ದೇ ತಡವಾಗಿತ್ತು. ತಪ್ಪು ನಮ್ಮದು.

ಸರಿ ಮಾಡಿದರೂ ಅವನು ಹೋಗುವ ಮೂವರಲ್ಲೇ ಇದ್ದ. ಹಾಗಿದ್ದರೂ ತಿದ್ದಿದೆ, ಯಾಕೆಂದರೆ ಮುಂದೆ ಕೆಲಸ ಬಂದಾಗ ಮೊದಲು ಕರೆಯಬೇಕಾದ್ದು ಈ ಮೂವರನ್ನೇ, ಅದೂ ಸೀನಿಯಾರಿಟಿ ನೋಡಿ. ಮೊದಲು ಕೊನೆಯವನಾಗಿದ್ದವನು ಈಗ ಮೂವರಲ್ಲಿ ಮೊದಲಿಗನಾದ. ಉಳಿದಿಬ್ಬರು 2018ರ ಜೂನ್‌ನಲ್ಲಿ ಒಂದೇ ದಿನ ಸೇರಿದವರು. ವಯಸ್ಸಿನಲ್ಲಿ ದೊಡ್ಡವರನ್ನು ಸೀನಿಯರ್ ಎಂದು ಯೂನಿಯನ್ ಜೊತೆ ಒಪ್ಪಿಕೊಂಡು ಅದನ್ನೂ ಬರೆದೆವು.

ಅಷ್ಟರಲ್ಲಿ ಶಾಪ್ ಸೂಪರ್‌ವೈಸರ್ ಬಂದರು. ಆ ಇಬ್ಬರಲ್ಲಿ ಚಿಕ್ಕವನನ್ನು ಉಳಿಸಿಕೊಂಡು, 2017ರ ಆಪರೇಟರನ್ನು ಕಳಿಸಬೇಕು ಎಂಬುದು ಅವರ ಬೇಡಿಕೆ. ಕಾರಣ ಬರೆದಿಟ್ಟು ಕ್ರಮ ಮೀರಲು ಕಾಯ್ದೆಯಲ್ಲಿ ಅವಕಾಶ ಇತ್ತು. ಹಾಗಾಗಿ, "ಕಾರಣ ಬರೆದುಕೊಡಿ" ಎಂದೆ. 'ಹುಡುಗ ಚುರುಕಾಗಿದ್ದಾನೆ, ಎರಡು ಮಷೀನ್ ನೋಡುತ್ತಾನೆ' ಎಂದು ಬರೆದುಕೊಟ್ಟರು. 2017ರವರ ಫೈಲ್ ತೆಗೆದೆ. ಒಂದೇ ಒಂದು ಮೆಮೊ ಇಲ್ಲ. ಅವರೂ ಎರಡು ಮಷೀನ್ ನೋಡುತ್ತಿದ್ದರು. ಇಂಥ ಕಾರಣ ಲೇಬರ್ ಕೋರ್ಟಿನಲ್ಲಿ ನಿಲ್ಲಲ್ಲ, ಅಲ್ಲಿ ರುಜುವಾತು ಮಾಡುವ ಹೊಣೆ ಆಡಳಿತದ್ದು. ಸೀನಿಯರ್‌ಗಳಲ್ಲಿ ಯಾರಿಗೂ ಬಾರದ, ಬೇಗ ಕಲಿಸಲೂ ಆಗದ ಕೆಲಸ ಅವನ ಕೈಯಲ್ಲಿದ್ದು, ಅದಕ್ಕೆ ಆಗಲೇ ದಾಖಲೆ ಇದ್ದಿದ್ದರೆ ಮಾತು ಬೇರೆ. ಆ ಬೇಡಿಕೆಯನ್ನು ನಾನು ಒಪ್ಪಲಿಲ್ಲ.

ಮೂವರಿಗೂ ನೋಟಿಸಿನ ಬದಲು ಒಂದು ತಿಂಗಳ ಸಂಬಳ ಮತ್ತು ಪರಿಹಾರದ ಹಣವನ್ನು ಕೊನೆಯ ದಿನವೇ ಕೊಟ್ಟು, ಲೇಬರ್ ಆಫೀಸಿಗೂ ತಿಳಿಸಿದೆವು. ಹೊರಡುವಾಗ ಪ್ರತಿಯೊಬ್ಬರಿಂದ ಎರಡು ವಿಳಾಸ ಬರೆಸಿಕೊಂಡೆ. ಈಗಿರುವ ಬಾಡಿಗೆ ಮನೆಯದೊಂದು, ಊರಿನದೊಂದು.

2020ರ ಡಿಸೆಂಬರ್ ಹೊತ್ತಿಗೆ ಆರ್ಡರ್ ವಾಪಸ್ ಬಂತು. ಇಬ್ಬರು ಆಪರೇಟರ್ ಬೇಕಾಯಿತು. ಮಾಲೀಕರು, "ಸದ್ಯಕ್ಕೆ ಕಾಂಟ್ರಾಕ್ಟರ್ ಕಡೆಯಿಂದ ಇಬ್ಬರನ್ನು ತಗೊಳ್ಳೋಣ" ಎಂದರು. ನಾನು 25ಎಚ್ ಕಲಂ ತೋರಿಸಿದೆ. ಹೊಸಬರನ್ನು ತೆಗೆದುಕೊಳ್ಳುವ ಮೊದಲು, ಕಳಿಸಿದವರಿಗೆ ಅವಕಾಶ ಕೊಡಬೇಕು. ಬರುತ್ತೇನೆ ಎಂದವರಿಗೆ ಬೇರೆಯವರಿಗಿಂತ ಆದ್ಯತೆ. ಅದೇ ಮಷೀನಿನ ಮುಂದೆ ಕಾಂಟ್ರಾಕ್ಟ್ ಹುಡುಗರನ್ನು ನಿಲ್ಲಿಸಿದರೆ ನಾವೇ ಕೈಯಾರೆ ಕೇಸ್ ಮಾಡಿಕೊಂಡ ಹಾಗೆ ಎಂದೆ. ಅವರು ಒಪ್ಪಿದರು.

ಆಗಿನ ಕೇಂದ್ರದ ನಿಯಮದ ಪ್ರಕಾರ ಜಾಗ ತುಂಬುವ ಕನಿಷ್ಠ 10 ದಿನ ಮೊದಲು ಬೋರ್ಡಿನಲ್ಲಿ ಹಾಕಬೇಕಿತ್ತು, ರಿಜಿಸ್ಟರ್ಡ್ ಪೋಸ್ಟಿನಲ್ಲೂ ತಿಳಿಸಬೇಕಿತ್ತು. ಆ ಕ್ರಮವನ್ನೇ ಹಿಡಿದೆ. ಮೂವರಿಗೂ ಎರಡೆರಡು ವಿಳಾಸಕ್ಕೆ, ಒಟ್ಟು ಆರು ಪತ್ರ ಹೋದವು. ಮೊದಲಿಗನ ಬಾಡಿಗೆ ಮನೆಯ ಪತ್ರ 'ವಿಳಾಸದಾರರು ಮನೆ ಬಿಟ್ಟು ಹೋಗಿದ್ದಾರೆ' ಎಂಬ ಷರಾದೊಂದಿಗೆ ವಾಪಸ್ ಬಂತು. ಊರಿನ ಪತ್ರ ಅವನ ಅಮ್ಮನ ಕೈಗೆ ಸಿಕ್ಕಿತ್ತು. ಒಂಬತ್ತನೇ ದಿನ ಹಾಸನ ಕಡೆಯಿಂದ ಬಸ್ ಹತ್ತಿ ಬಂದ. ಎರಡನೆಯವರಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಬರುವುದಿಲ್ಲ ಎಂದು ಅವರಿಂದ ಬರೆಸಿಕೊಂಡೆ. ಬಾಯಿಮಾತಿಗೆ ಬಿಡಬಾರದು. ಎರಡನೇ ಜಾಗ ಮೂರನೆಯವನಿಗೆ ಹೋಯಿತು. ಸೂಪರ್‌ವೈಸರ್ ಉಳಿಸಿಕೊಳ್ಳಬೇಕೆಂದಿದ್ದ ಅದೇ ಹುಡುಗ.

ಈಗಿನ ಸ್ಥಿತಿ ಬೇರೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಕೊನೆಗೆ ಬಂದವರು ಮೊದಲು ಹೋಗಬೇಕು ಅನ್ನೋದು ಅದರ 71ನೇ ಕಲಮಿನಲ್ಲೂ ಇದೆ. ಆದರೆ ವಾಪಸ್ ಕರೆಯುವ ಆದ್ಯತೆಗೆ 72ನೇ ಕಲಂ ಒಂದು ವರ್ಷದ ಗಡುವು ಹಾಕಿದೆ. ಹಳೇ ಕಾಯ್ದೆಯಲ್ಲಿ ಇಂಥ ಗಡುವು ಇರಲಿಲ್ಲ. ನಮ್ಮವರನ್ನು ಕರೆದದ್ದು 16 ತಿಂಗಳ ಮೇಲೆ. ಇವತ್ತಾಗಿದ್ದರೆ ಆ ಇಬ್ಬರಿಗೂ ಹಕ್ಕಿನಿಂದ ಕೇಳಲು ಆಗುತ್ತಿರಲಿಲ್ಲ. ಯೂನಿಯನ್‌ನವರು ಯಾರಾದರೂ ಕೇಳಿದರೆ, ಸೆಟಲ್‌ಮೆಂಟ್ ಮಾಡಿಕೊಳ್ಳುವಾಗಲೇ ಎರಡು ವರ್ಷ ಅಂತ ಬರೆಸಿಕೊಳ್ಳಿ ಎಂದು ಹೇಳುತ್ತೇನೆ.

ಹಾಸನದಿಂದ ಬಂದವನು ಸೇರುವ ದಿನ, "ಸರ್, ನನ್ನ ಹಳೇ ಟೋಕನ್ನೇ ಕೊಡ್ತೀರಾ?" ಎಂದು ಕೇಳಿದ. ಆ ನಂಬರ್ ಖಾಲಿಯೇ ಇತ್ತು, ಕೊಟ್ಟೆ. ಆದರೆ ಆರ್ಡರಿನಲ್ಲಿ ಸೇರಿದ ದಿನಾಂಕ ಹೊಸದು. ಹೀಗೆ ವಾಪಸ್ ಬರುವುದು ಹೊಸ ನೇಮಕವೇ, ಹಳೇ ಸರ್ವಿಸ್ ಕೂಡುವುದಿಲ್ಲ. ಆಪರೇಟರುಗಳ ಲಿಸ್ಟಿನಲ್ಲಿ ಅವರಿಬ್ಬರ ಹೆಸರು ಮತ್ತೆ ಕೊನೆಗೇ ಬಂತು. ಸಹಿ ಹಾಕಿಸಿಕೊಳ್ಳುವ ಮೊದಲು ಇದನ್ನು ಇಬ್ಬರಿಗೂ ಕೂರಿಸಿಕೊಂಡು ಬಿಡಿಸಿ ಹೇಳಿದೆ.