ಸ್ತರೀಕೃತ ಮಾದರಿಯನ್ನು ನಾನು ವಿಧಾನ ಅಧ್ಯಾಯದಲ್ಲಿ ವಿವರಿಸಿದ ಬಗೆ

ಒಂದು ಸಂಸ್ಥೆಯ ನೌಕರರು ಕೆಲಸದ ತೊಂದರೆಗಳನ್ನು ಮೇಲಧಿಕಾರಿಗಳಿಗೆ ಹೇಳಿಕೊಳ್ಳುತ್ತಾರೆಯೇ ಎಂಬುದು ನನ್ನ ಅಧ್ಯಯನದ ಪ್ರಶ್ನೆಯಾಗಿತ್ತು. ಸಂಸ್ಥೆಯ ಪಟ್ಟಿಯಲ್ಲಿದ್ದ 1,200 ಮಂದಿಯಲ್ಲಿ 1,080 ಮಂದಿ ಕಾಯಂ ನೌಕರರು, ಉಳಿದ 120 ಮಂದಿ ಗುತ್ತಿಗೆಯವರು. ಒಟ್ಟು 150 ಮಂದಿಯನ್ನು ಅದೇ ಅನುಪಾತದಲ್ಲಿ ಆರಿಸಿದ್ದರೆ ಗುತ್ತಿಗೆಯವರು 15 ಮಂದಿಯಷ್ಟೇ ಸಿಗುತ್ತಿದ್ದರು, ಅಷ್ಟು ಜನರನ್ನು ನೆಚ್ಚಿ ಆ ಗುಂಪಿನ ಬಗ್ಗೆ ಏನನ್ನೂ ಹೇಳುವಂತಿರಲಿಲ್ಲ. ಆದ್ದರಿಂದ ಕಾಯಂ ನೌಕರರಲ್ಲಿ 90, ಗುತ್ತಿಗೆಯವರಲ್ಲಿ 60 ಮಂದಿಯನ್ನು ಪ್ರತ್ಯೇಕವಾಗಿ, ಯಾದೃಚ್ಛಿಕವಾಗಿ ಆರಿಸಿದೆ. ಹೀಗೆ ವಿಂಗಡಿಸಿದ ಪ್ರತಿ ಗುಂಪೂ ಒಂದು ಸ್ತರ.

‘ಸ್ತರೀಕೃತ ಯಾದೃಚ್ಛಿಕ ಮಾದರಿಯನ್ನು ಬಳಸಲಾಗಿದೆ’ ಎಂಬ ಒಂದೇ ವಾಕ್ಯಕ್ಕೆ ವಿವರಣೆಯನ್ನು ಮುಗಿಸುವುದು ಪ್ರಬಂಧಗಳಲ್ಲಿ ರೂಢಿ. ಆದರೆ ಓದುಗರಿಗೆ ನಿಜವಾಗಿ ಬೇಕಾದುದು ಪ್ರತಿಯೊಂದು ಸ್ತರದಲ್ಲಿ ಒಬ್ಬ ವ್ಯಕ್ತಿ ಆಯ್ಕೆಯಾಗುವ ಸಂಭವ ಎಷ್ಟಿತ್ತು ಎಂಬ ಮಾಹಿತಿ. ನನ್ನ ಮಾದರಿಯಲ್ಲಿ ಅದು ಕಾಯಂ ನೌಕರರಿಗೆ ಹನ್ನೆರಡರಲ್ಲಿ ಒಂದು, ಗುತ್ತಿಗೆಯವರಿಗೆ ಎರಡರಲ್ಲಿ ಒಂದು. ಹಾಗಾಗಿ ಮೊದಲನೆಯವರ ಪ್ರತಿ ಉತ್ತರಕ್ಕೆ 12, ಎರಡನೆಯವರ ಪ್ರತಿ ಉತ್ತರಕ್ಕೆ 2 ತೂಕ ಕೊಟ್ಟಿರುವುದನ್ನು, ಅಂದರೆ ಒಂದು ಉತ್ತರವನ್ನು ಅಷ್ಟು ಮಂದಿಯ ಉತ್ತರವೆಂದು ಎಣಿಸಿರುವುದನ್ನು, ಎರಡೂ ಸ್ತರಗಳ ಒಟ್ಟು ಸಂಖ್ಯೆಯೊಡನೆ, ಅಧ್ಯಾಯದಲ್ಲಿ ಬರೆದೆ.

ಈ ತೂಕಗಳು ಅಲಂಕಾರಕ್ಕಲ್ಲ. ಹೇಳಿಕೊಳ್ಳುತ್ತೇವೆ ಎಂದವರು ಕಾಯಂ ನೌಕರರಲ್ಲಿ 63 ಮಂದಿ, ಅಂದರೆ ಶೇ. 70, ಗುತ್ತಿಗೆಯವರಲ್ಲಿ 18 ಮಂದಿ, ಅಂದರೆ ಶೇ. 30. ಎರಡನ್ನೂ ಹಾಗೆಯೇ ಕೂಡಿಸಿದರೆ 150ರಲ್ಲಿ 81, ಶೇ. 54 ಆಗುತ್ತದೆ. ತೂಕ ಹಾಕಿದಾಗ 756 ಮತ್ತು 36 ಸೇರಿ 1,200ರಲ್ಲಿ 792, ಶೇ. 66 ಆಗುತ್ತದೆ. ಸಂಸ್ಥೆಯ ಹತ್ತನೆಯ ಒಂದು ಪಾಲಿನಷ್ಟಿರುವ ಗುತ್ತಿಗೆಯವರು ನನ್ನ ಮಾದರಿಯಲ್ಲಿ ಶೇ. 40ರಷ್ಟಿದ್ದುದೇ ಈ ಅಂತರಕ್ಕೆ ಕಾರಣ. ಇಡೀ ಸಂಸ್ಥೆಯ ಮಾತು ಬಂದಲ್ಲಿ ಶೇ. 66ನ್ನೇ ಕೊಟ್ಟೆ, ಎರಡು ಗುಂಪುಗಳನ್ನು ಹೋಲಿಸುವಲ್ಲಿ ಮಾತ್ರ ಆಯಾ ಸ್ತರದ ಅಂಕಿಯನ್ನು ಇಟ್ಟುಕೊಂಡೆ.

ಆಯ್ಕೆಯಾದವರೆಲ್ಲರೂ ಉತ್ತರಿಸಿದ್ದು ನನ್ನ ಅದೃಷ್ಟ. ಗುತ್ತಿಗೆಯವರಲ್ಲಿ 40 ಮಂದಿಯಷ್ಟೇ ಉತ್ತರಿಸಿದ್ದರೆ ಅವರ ತೂಕವನ್ನು 3ಕ್ಕೆ ಏರಿಸಬೇಕಾಗುತ್ತಿತ್ತು. ಆಗಲೂ ಉತ್ತರಿಸದವರು ಉತ್ತರಿಸಿದವರಂತೆಯೇ ಇದ್ದಾರೆ ಎಂಬ ಊಹೆ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ದೂರು ಹೇಳಲು ಹೆದರುವವರು ಪ್ರಶ್ನಾವಳಿಯನ್ನೂ ತಪ್ಪಿಸಿಕೊಳ್ಳುವ ಸಾಧ್ಯತೆ ಇರುವುದರಿಂದ, ನನ್ನಂಥ ವಿಷಯದಲ್ಲಿ ಆ ಊಹೆಯನ್ನು ಸುಲಭವಾಗಿ ಒಪ್ಪಲಾಗದು.

ಸಿಕ್ಕವರನ್ನು ಕೇಳುತ್ತಾ 90 ಮತ್ತು 60ರ ಲೆಕ್ಕ ತುಂಬಿಸಿದ್ದರೆ ಕೋಷ್ಟಕ ಹೀಗೆಯೇ ಕಾಣುತ್ತಿತ್ತು, ಆದರೆ ಅದು ಕೋಟಾ ಮಾದರಿ. ಅಲ್ಲಿ ಆಯ್ಕೆಯ ಸಂಭವವೇ ತಿಳಿಯದು, ಆದ್ದರಿಂದ ಈ ತೂಕಗಳಿಗೂ ದೋಷಮಿತಿಗೂ ಆಧಾರವಿರುವುದಿಲ್ಲ. ಸ್ತರೀಕೃತ ಯಾದೃಚ್ಛಿಕ ಆಯ್ಕೆಗೂ ಉದ್ದೇಶಪೂರ್ವಕ ಆಯ್ಕೆಗೂ ಇರುವ ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರಜ್ಞ ಜೆರ್ಝಿ ನೇಮನ್ 1934ರಲ್ಲೇ ವಿಶ್ಲೇಷಿಸಿದ್ದರು. ಇಂದಿಗೂ ಕೋಟಾ ಮಾದರಿಗೆ ಸ್ತರೀಕೃತ ಎಂಬ ಹೆಸರಿಟ್ಟ ಪ್ರಬಂಧಗಳು ಕಾಣಸಿಗುತ್ತವೆ.

ಸಾಮಾನ್ಯೀಕರಣದ ಗಡಿಯನ್ನೂ ಅದೇ ಅಧ್ಯಾಯದಲ್ಲಿ ಗುರುತಿಸಿದೆ: ಫಲಿತಾಂಶಗಳು ಪಟ್ಟಿ ಪಡೆದ ದಿನ ಅದರಲ್ಲಿದ್ದ 1,200 ಮಂದಿಗೆ ಅನ್ವಯಿಸುತ್ತವೆ, ಹೊರಗಿನ ಏಜೆನ್ಸಿಯ ಮೂಲಕ ಬಂದು ಅದೇ ಕಟ್ಟಡದಲ್ಲಿ ದುಡಿಯುವವರು ಪಟ್ಟಿಯಲ್ಲಿ ಇಲ್ಲದ ಕಾರಣ ಅವರಿಗಾಗಲಿ, ಇತರ ಸಂಸ್ಥೆಗಳಿಗಾಗಲಿ ಅನ್ವಯಿಸುವುದಿಲ್ಲ.