ಒಂದೇ ಮೈಕು, ಇಬ್ಬರ ಮಾತು

ಡೊಂಬಿವಲಿಗೆ ಬಂದು ನನಗೆ ನಲವತ್ತು ವರ್ಷದ ಮೇಲಾಯಿತು. ಇಲ್ಲಿನ ನಮ್ಮ ಜನರ ರಿಸೆಪ್ಶನ್‌ಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಮಾಟುಂಗಾ, ಮುಲುಂಡ್, ಠಾಣೆ, ಒಂದೆರಡು ಸಲ ಪುಣೆಯ ಲಾನು. ಊಟದ ಬಗ್ಗೆ, ಹಾಲ್ ಬಗ್ಗೆ ಎಲ್ಲರೂ ಮೊದಲೇ ಯೋಚಿಸುತ್ತಾರೆ. ಕೊನೆಯಲ್ಲಿ ಮದುಮಕ್ಕಳು ಮೈಕ್ ಹಿಡಿದು ಹೇಳುವ ಆ ನಾಲ್ಕು ಮಾತಿನ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ. ಆಮೇಲೆ ವೀಡಿಯೋ ನೋಡಿ ನಾಚಿಕೊಳ್ಳುತ್ತಾರೆ.

ಇದನ್ನು ನಾನು ಕಲಿತದ್ದು ನನ್ನ ಮಗನ ರಿಸೆಪ್ಶನ್‌ನಲ್ಲಿ. ಅವನು ಮೊಬೈಲ್ ನೋಡಿಕೊಂಡು ಹನ್ನೊಂದು ನಿಮಿಷ ಓದಿದ. ಬರೀ ಹೆಸರುಗಳು. ಆಫೀಸಿನವರು, ಸೊಸೈಟಿಯವರು, ಕ್ರಿಕೆಟ್ ಗೆಳೆಯರು, ಡೆಕೊರೇಶನ್‌ನವರು. ಅಷ್ಟು ಹೆಸರಿನ ನಡುವೆ ಹುಬ್ಬಳ್ಳಿ–ದಾದರ್ ರೈಲಿನಲ್ಲಿ ರಾತ್ರಿಯಿಡೀ ಕೂತು ಬಂದಿದ್ದ ಅವನ ಸೋದರಮಾವನ ಹೆಸರೇ ಬಿಟ್ಟುಹೋಯಿತು. ನನ್ನ ತಮ್ಮ ಏನೂ ಅನ್ನಲಿಲ್ಲ. ಮೊಸರನ್ನ ತಿನ್ನದೆ ಎದ್ದ, ಅಷ್ಟೇ. ಎರಡು ವರ್ಷ ಫೋನಿನಲ್ಲಿ ಅವನ ದನಿ ಬಿಗಿಯಾಗಿಯೇ ಇತ್ತು. ಪಕ್ಕದಲ್ಲಿ ನಿಂತಿದ್ದ ಸೊಸೆಗೆ ಕೊನೆಗೆ ಮೈಕ್ ಸಿಕ್ಕಾಗ ಉಳಿದಿದ್ದದ್ದು 'ಥ್ಯಾಂಕ್ಯೂ' ಒಂದೇ.

ಹಾಗಾಗಿ ಹೋದ ವರ್ಷ ನನ್ನ ತಂಗಿಯ ಮಗನ ಮದುವೆಯಾದಾಗ ನಾನೇ ಮುಂದೆ ಬಿದ್ದೆ. ಹುಡುಗ ನಮ್ಮ ಧಾರವಾಡದ ಕಡೆಯವನು, ಹುಟ್ಟಿ ಬೆಳೆದದ್ದು ಇಲ್ಲೇ. ಹುಡುಗಿ ಪುಣೆಯ ಮರಾಠಿ ಮನೆಯವಳು. ನಾಲ್ಕು ದಿನ ಮೊದಲು ಇಬ್ಬರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿ, ಕೈಗೆ ಲಟ್ಟಣಿಗೆ ಕೊಟ್ಟೆ. ನಗಬೇಡಿ. ಕೈಗೆ ಕೈಗೆ ಕೊಡುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಮನೆಯಲ್ಲಿಲ್ಲ.

ಮೊದಲ ಪ್ರಶ್ನೆ, ಯಾವಾಗ ಮಾತಾಡುವುದು? 'ಕೊನೆಯಲ್ಲಿ' ಅಂತ ಎಲ್ಲರೂ ಹೇಳುತ್ತಾರೆ. ಮುಂಬೈಯಲ್ಲಿ ಕೊನೆ ಅಂದರೆ ಖಾಲಿ ಕುರ್ಚಿ. ಇಲ್ಲಿ ಜನ ಸ್ಟೇಜಿಗೆ ಹತ್ತಿ ಫೋಟೋ ತೆಗೆಸಿಕೊಂಡು, ಊಟ ಮಾಡಿ, ಗಡಿಯಾರ ನೋಡಿ ಲೋಕಲ್ ಹಿಡಿಯಲು ಹೊರಡುತ್ತಾರೆ. ಕರ್ಜತ್, ವಿರಾರ್ ಕಡೆಯವರು ಒಂಬತ್ತೂವರೆಗೇ ಏಳುತ್ತಾರೆ. ಕ್ಯೂ ಪೂರ್ತಿ ಮುಗಿಯಲಿ ಅಂತ ಕಾದರೆ ಕೇಳುವವರು ಮನೆಯವರು ಮತ್ತು ಕ್ಯಾಟರಿಂಗ್ ಹುಡುಗರು ಮಾತ್ರ. ನಾವು ಒಂಬತ್ತೂಕಾಲಿಗೆ ಕ್ಯೂ ನಿಲ್ಲಿಸಿದೆವು. ಐದು ನಿಮಿಷ ಅಂತ ಸ್ಟೇಜಿನ ಮೆಟ್ಟಿಲ ಹತ್ತಿರ ನಾದಿನಿಯನ್ನು ನಿಲ್ಲಿಸಿದ್ದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬಯಲಿನ ಲಾನ್ ಆದರೆ ಇನ್ನೊಂದು ಮಾತು. ರಾತ್ರಿ 10 ಆದಮೇಲೆ ಬಯಲಿನಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ನೇ ಇಸವಿಯ ಶಬ್ದ ನಿಯಮ ಅದು. ಮಾತಿನ ಮಧ್ಯೆ ಮೈಕ್ ಬಂದ್ ಮಾಡಿಸಿಕೊಳ್ಳುವುದು ಯಾರಿಗೆ ಬೇಕು?

ಇನ್ನು ಮೈಕು. ಎರಡು ಮೈಕ್ ಕೇಳಬೇಡಿ. ಎರಡಿದ್ದರೆ ಇಬ್ಬರೂ ಒಟ್ಟಿಗೆ ಶುರು ಮಾಡುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಒಂದೇ ಇದ್ದರೆ ಯಾರ ಸರದಿ ಅಂತ ಕೈಯೇ ಹೇಳುತ್ತದೆ. ಹುಡುಗನ ಎಡಕ್ಕೆ ಹುಡುಗಿ ನಿಂತಿರುತ್ತಾಳಲ್ಲ, ಹಾಗಾಗಿ ಅವನು ಎಡಗೈಯಲ್ಲಿ ಹಿಡಿಯಲಿ, ಅವಳು ಬಲಗೈಯಲ್ಲಿ ತೆಗೆದುಕೊಳ್ಳಲಿ. ಮೈಕ್ ಇಬ್ಬರ ನಡುವೆಯೇ ಓಡಾಡುತ್ತದೆ. ಮೈ ಅಡ್ಡ ಬರುವುದಿಲ್ಲ, ಸೆರಗು ಸಿಕ್ಕಿಕೊಳ್ಳುವುದಿಲ್ಲ. ಅವಳ ಕೈತುಂಬ ಬಳೆ ಇರುತ್ತದೆ. ಕೈ ಅಲ್ಲಾಡಿದರೆ ಮಾತಿಗಿಂತ ಬಳೆ ಸದ್ದೇ ಜಾಸ್ತಿ. ಮೊಣಕೈಯನ್ನು ಸೊಂಟಕ್ಕೆ ಒತ್ತಿಕೊಂಡರೆ ಸಾಕು, ಕೈ ನಿಲ್ಲುತ್ತದೆ.

ಹಿಡಿಯುವ ರೀತಿಯನ್ನು ನನಗೆ ಹೇಳಿಕೊಟ್ಟವರು ಒಬ್ಬ ಸೌಂಡ್‌ನವರು. ಮೇಲಿನ ಜಾಲರಿ ಉಂಡೆಯನ್ನು ಮುಷ್ಟಿಯಲ್ಲಿ ಮುಚ್ಚಬಾರದು. ಆ ಮೈಕು ಎದುರಿನ ದನಿಯನ್ನು ಮಾತ್ರ ಹಿಡಿಯುವ ಹಾಗೆ ಮಾಡಿರುತ್ತಾರೆ. ಮುಚ್ಚಿದರೆ ಅದು ಸುತ್ತಲಿನದನ್ನೆಲ್ಲ ಹಿಡಿಯುತ್ತದೆ. ಸ್ಪೀಕರಿನಿಂದ ಬಂದ ದನಿ ಮತ್ತೆ ಮೈಕಿಗೇ ಹೋಗಿ 'ಕುಂಯ್' ಅಂತ ಕೂಗುತ್ತದೆ. ವೈರ್ ಇಲ್ಲದ ಮೈಕಿನ ಕೆಳತುದಿಯನ್ನೂ ಬಿಗಿಯಾಗಿ ಹಿಡಿಯಬಾರದು. ಸಿಗ್ನಲ್ ಕಳಿಸುವ ಆಂಟೆನಾ ಸಾಮಾನ್ಯವಾಗಿ ಅಲ್ಲಿರುತ್ತದೆ, ದನಿ ಕತ್ತರಿಸಿ ಕತ್ತರಿಸಿ ಬರುತ್ತದೆ. ಹಿಡಿಯಬೇಕಾದ್ದು ನಡುವಿನಲ್ಲಿ. ನಮ್ಮ ಹುಡುಗಿ ಮೊದಲ ದಿನ ಲಟ್ಟಣಿಗೆಯನ್ನು ಗದೆಯ ಹಾಗೆ ಬುಡದಲ್ಲಿ ಹಿಡಿದಿದ್ದಳು.

ಇಬ್ಬರು ಒಂದೇ ಮೈಕ್ ಹಂಚಿಕೊಂಡರೆ ಇನ್ನೊಂದು ತೊಂದರೆ ಇದೆ. ಹುಡುಗನದು ದೊಡ್ಡ ಗಂಟಲು, ಹುಡುಗಿಯದು ಮೆಲುದನಿ. ಅವನ ದನಿಗೆ ಹೊಂದಿಸಿದರೆ ಅವಳದು ಹಿಂದಿನ ಸಾಲಿಗೆ ಕೇಳುವುದಿಲ್ಲ. ಅವಳಿಗೆ ಹೊಂದಿಸಿದರೆ ಅವನು ಕೂಗಿದಂತಾಗುತ್ತದೆ. ಸೌಂಡ್‌ನವರು ಪ್ರತಿ ಸಲ ಏರಿಸಿ ಇಳಿಸಿ ಮಾಡಲಿ ಅಂತ ನಂಬಿ ಕೂರಬೇಡಿ, ಅವರು ಅಷ್ಟೊತ್ತಿಗೆ ಪಲಾವ್ ತಿನ್ನುತ್ತಿರುತ್ತಾರೆ. ದೂರದಲ್ಲೇ ಹೊಂದಿಸಿಕೊಳ್ಳಬೇಕು. ಅವಳು ಬಾಯಿಂದ ಎರಡು ಬೆರಳು ದೂರ, ಅವನು ನಾಲ್ಕು ಬೆರಳು ದೂರ. ಇದೊಂದನ್ನು ಆ ಹುಡುಗ ಚಾಚೂ ತಪ್ಪದೆ ಮಾಡಿದ. ಹಿಂದಿನ ಸಾಲಿನಲ್ಲಿ ಕೂತಿದ್ದ, ಕಿವಿ ಮಂದವಾಗಿರುವ ನಮ್ಮ ಯಜಮಾನರಿಗೂ ಇಬ್ಬರ ಮಾತೂ ಕೇಳಿತು.

ಈಗ ಮಾತಿಗೆ ಬರುತ್ತೇನೆ. ಮೂರು ನಿಮಿಷ, ಇಬ್ಬರದೂ ಸೇರಿ. ಅಂದರೆ ಬರೆದರೆ ಒಂದು ಪುಟ, ಇನ್ನೂರೈವತ್ತು ಪದದ ಒಳಗೆ. ಮೈಕ್ ಮೂರೇ ಸಲ ಕೈ ಬದಲಿಸಲಿ. ಅದಕ್ಕಿಂತ ಜಾಸ್ತಿಯಾದರೆ ಟೇಬಲ್ ಟೆನಿಸ್ ನೋಡಿದ ಹಾಗಿರುತ್ತದೆ. ಒಂದೇ ಸಲ ಆದರೆ ಅದು ಎರಡು ಬೇರೆ ಭಾಷಣ. 'ಈಗ ನನ್ನ ಪತ್ನಿ ಎರಡು ಮಾತು ಹೇಳುತ್ತಾಳೆ' ಅನ್ನಬಾರದು. ಅವಳೇನು ಮುಖ್ಯ ಅತಿಥಿಯೇ? ಒಬ್ಬರು ಬಿಟ್ಟ ಮಾತನ್ನೇ ಇನ್ನೊಬ್ಬರು ಎತ್ತಿಕೊಳ್ಳಬೇಕು.

ಅದಕ್ಕೆ ನಾನು ಮಾಡಿಸಿದ ಉಪಾಯ ಒಂದೇ. ತಮ್ಮ ಅಪ್ಪ ಅಮ್ಮನಿಗೆ ತಾವು ಥ್ಯಾಂಕ್ಸ್ ಹೇಳುವುದು ಬೇಡ, ಅದನ್ನು ಮನೆಗೆ ಹೋಗಿ ಕಾಲಿಗೆ ಬಿದ್ದು ಹೇಳಿ. ಸ್ಟೇಜಿನ ಮೇಲೆ ಅವನು ಅವಳ ಮನೆಯವರಿಗೆ ಹೇಳಲಿ, ಅವಳು ಇವನ ಮನೆಯವರಿಗೆ ಹೇಳಲಿ. ಮೈಕ್ ಕೈ ಬದಲಿಸಲು ಕಾರಣ ತಾನಾಗಿ ಹುಟ್ಟುತ್ತದೆ. ಅವನು ಶುರು ಮಾಡಿದ್ದು ಹೀಗೆ:

"ಎಲ್ಲರಿಗೂ ನಮಸ್ಕಾರ. ನಾವು ಏಳು ಗಂಟೆಯಿಂದ ಇಲ್ಲಿ ನಿಂತಿದ್ದೇವೆ, ನೀವು ಕೆಳಗೆ ಕ್ಯೂನಲ್ಲಿ ನಿಂತಿದ್ದೀರಿ. ಲೆಕ್ಕ ಸರಿಹೋಯಿತು. ಅತ್ತೆ ಮಾವ ಪುಣೆಯಿಂದ ಮೊದಲ ಸಲ ನಮ್ಮ ಮನೆಗೆ ಬಂದಾಗ ಅಮ್ಮ ಜೋಳದ ರೊಟ್ಟಿ ಮಾಡಿದ್ದರು. ಮಾವ ಅದನ್ನು ಭಾಕ್ರಿ ಅಂದರು. ಅಮ್ಮ ರೊಟ್ಟಿ ಅಂದರು. ಆ ವಾದ ಇನ್ನೂ ಮುಗಿದಿಲ್ಲ. ಆದರೆ ಮಾವ ಅವತ್ತು ನಾಲ್ಕು ತಿಂದರು, ಮಗಳನ್ನೂ ಕೊಟ್ಟರು. ಅವರಿಗೆ ನಾನು ಋಣಿ."

ಅವಳು ಮೈಕ್ ತೆಗೆದುಕೊಂಡು ಮೊದಲು ಹೇಳಿದ್ದು ಒಂದೇ ಪದ. "ಭಾಕ್ರಿ." ಹಾಲ್ ನಕ್ಕಿತು. ನಗು ಮುಗಿಯುವ ತನಕ ಅವಳು ಕಾದಳು. ಇದನ್ನು ಹೇಳಿಕೊಟ್ಟಿದ್ದೆ, ನಗುವಿನ ಮೇಲೆ ಮಾತಾಡಿದರೆ ಆ ಮಾತು ಮುಳುಗಿಹೋಗುತ್ತದೆ. ಆಮೇಲೆ ನಿಧಾನಕ್ಕೆ ಕನ್ನಡದಲ್ಲಿ, "ಅತ್ತೆ ನನಗೆ ಮೊದಲು ಕಲಿಸಿದ ಕನ್ನಡ, ಊಟ ಆಯ್ತಾ. ದಿನಾ ರಾತ್ರಿ ಫೋನ್ ಮಾಡಿ ಕೇಳುತ್ತಾರೆ. ಮಗನಿಗಲ್ಲ, ನನಗೆ." ನನ್ನ ತಂಗಿ ಅಲ್ಲೇ ಕಣ್ಣೊರೆಸಿಕೊಂಡಳು. ಉಳಿದದ್ದನ್ನು ಅವಳು ಮರಾಠಿಯಲ್ಲೇ ಹೇಳಿದಳು. ಪೂರ್ತಿ ಕನ್ನಡದಲ್ಲಿ ಹೇಳಿಸಲು ನಮ್ಮವರು ಕೆಲವರು ಹಟ ಹಿಡಿದಿದ್ದರು. ನಾನು ಒಪ್ಪಲಿಲ್ಲ. ಬಾಯಿಪಾಠ ಮಾಡಿದ ಭಾಷೆಯಲ್ಲಿ ಮುಖ ಕಲ್ಲಾಗುತ್ತದೆ. ಇನ್ನೊಬ್ಬರ ಭಾಷೆಯಲ್ಲಿ ಎರಡು ಮೂರು ಮಾತು, ಮಿಕ್ಕದ್ದು ತನ್ನದರಲ್ಲಿ. ಹೇಳಿದ್ದನ್ನೇ ಎರಡು ಭಾಷೆಯಲ್ಲಿ ಹೇಳುವುದಂತೂ ಬೇಡವೇ ಬೇಡ, ಅರ್ಧ ಜನ ಊಟದ ಕಡೆ ನೋಡುತ್ತಾರೆ.

ಮೂರನೇ ಸರದಿಯಲ್ಲಿ ಅವನು ಉಳಿದವರಿಗೆ ಹೇಳಿದ. ಇಲ್ಲೇ ನನ್ನ ಮಗ ಎಡವಿದ್ದು. ಅಪ್ಪ, ಅಮ್ಮ, ಅಜ್ಜಿ ಬಿಟ್ಟರೆ ಯಾರ ಹೆಸರೂ ಹೇಳಬಾರದು. ಒಂದು ಹೆಸರು ಹೇಳಿದರೆ ಇಪ್ಪತ್ತು ಹೆಸರು ಬಿಟ್ಟಂತೆ. ಹೆಸರಿನ ಬದಲು ಕೆಲಸ ಹೇಳಿ. "ಬೆಳಿಗ್ಗೆ ದಾದರ್ ಸ್ಟೇಷನ್ನಿಗೆ ಹೋಗಿ ಊರಿನವರನ್ನು ಕರೆತಂದವರು, ದಾದರ್ ಮಾರ್ಕೆಟ್ಟಿನಿಂದ ಹೂವು ತಂದವರು, ಒಳಗೆ ಒಲೆಯ ಮುಂದೆ ನಿಂತು ನಮ್ಮ ಮುಖವನ್ನೂ ನೋಡದವರು, ನಿಮಗೆಲ್ಲ." ಮಾಡಿದವರಿಗೆ ತಾವೇ ಅಂತ ಗೊತ್ತಾಗುತ್ತದೆ. ಊರಿಂದ ಬಂದವರಿಗೆ ಮಾತ್ರ ಬೇರೆಯಾಗಿ ಒಂದು ಮಾತು ಇರಲಿ. ಅವರು ರಜೆ ಹಾಕಿ, ದನಕರು ಪಕ್ಕದ ಮನೆಗೆ ಒಪ್ಪಿಸಿ ಬಂದಿರುತ್ತಾರೆ.

ಒಬ್ಬರು ಮಾತಾಡುವಾಗ ಇನ್ನೊಬ್ಬರು ಏನು ಮಾಡಬೇಕು? ಇದನ್ನು ಯಾರೂ ಕೇಳುವುದಿಲ್ಲ, ವೀಡಿಯೋದಲ್ಲಿ ಅದೇ ಎದ್ದು ಕಾಣುತ್ತದೆ. ಸುಮ್ನೆ ಮಾತಾಡುವವರ ಮುಖ ನೋಡುತ್ತಿದ್ದರೆ ಆಯಿತು. ಜನರ ಮೇಲೆ ಕಣ್ಣಾಡಿಸುವುದು, ಸೀರೆ ನೆರಿಗೆ ಸರಿಮಾಡುವುದು, ಮುಂದೆ ಹೇಳಬೇಕಾದ ಮಾತನ್ನು ಗೊಣಗಿಕೊಳ್ಳುವುದು ಬೇಡ. ಮೊಬೈಲಿನಲ್ಲಿ ಬರೆದುಕೊಂಡು ಓದುವುದೂ ಬೇಡ. ತಲೆ ಬಗ್ಗುತ್ತದೆ, ಮೈಕ್ ಬಾಯಿಂದ ಜಾರುತ್ತದೆ, ಅಷ್ಟೊತ್ತಿಗೆ ಪರದೆ ಆರುತ್ತದೆ. ಲಗ್ನಪತ್ರಿಕೆಯ ಹಿಂಬದಿಯಲ್ಲಿ ದಪ್ಪಗೆ ನಾಲ್ಕು ಪದ ಬರೆಸಿದ್ದೆ. ಕ್ಯೂ, ಭಾಕ್ರಿ, ಊಟ, ದಾದರ್. ಅವನು ಒಂದೇ ಸಲ ನೋಡಿದ.

ಗಂಟಲಿನದೂ ಒಂದು ವಿಚಾರ. ಎರಡು ಗಂಟೆ ಹಾಡಿನ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿಸಿರುತ್ತಾರೆ, ಗಂಟಲು ಒಣಗಿರುತ್ತದೆ. ಹತ್ತು ನಿಮಿಷ ಮೊದಲು ಇಬ್ಬರಿಗೂ ಬೆಚ್ಚಗಿನ ನೀರು ಕೊಡಿ. ಐಸ್ ಹಾಕಿದ ಜ್ಯೂಸ್ ಕೊಡಬೇಡಿ. ಹಾಡನ್ನು ಸಣ್ಣಗೆ ಮಾಡುವುದಲ್ಲ, ಪೂರ್ತಿ ನಿಲ್ಲಿಸಲು ಸೌಂಡ್‌ನವರಿಗೆ ಊಟಕ್ಕೆ ಕೂರುವ ಮೊದಲೇ ಹೇಳಿಡಿ. ಬ್ಯಾಟರಿ ಹೊಸದು ಹಾಕಿದ್ದಾರಾ ಅಂತಲೂ ಆಗಲೇ ಕೇಳಿ. ಮೈಕನ್ನು ಊದಿ, ತಟ್ಟಿ ನೋಡುವುದು ಮಾತ್ರ ಬೇಡ. 'ನಮಸ್ಕಾರ' ಅಂದರೆ ಕೇಳುತ್ತೋ ಇಲ್ಲವೋ ಗೊತ್ತಾಗುತ್ತದೆ.

ಕೊನೆಯ ಸರದಿ ಅವಳದು. ಅವಳು "ಜೇವಲಾತ್ ಕಾ?" ಅಂದು ಮೈಕನ್ನು ಇಬ್ಬರ ನಡುವೆ ಹಿಡಿದಳು. ಅವನು ಬಗ್ಗಿ "ಊಟ ಆಯ್ತಾ?" ಅಂದ. ಆಯ್ತು ಅಂತ ಹಾಲ್ ಕೂಗಿತು. "ನಮ್ಮದಿನ್ನೂ ಆಗಿಲ್ಲ" ಅಂತ ಅವಳು ಹೇಳಿದಳು, ಅಲ್ಲಿಗೆ ಮುಗಿಯಿತು.

ಎಲ್ಲ ಹೇಳಿಕೊಟ್ಟ ನಾನು ಒಂದನ್ನು ಮರೆತಿದ್ದೆ. ಮಾತು ಮುಗಿದ ಕೂಡಲೇ ಮೈಕಿನ ಸ್ವಿಚ್ ಆರಿಸಬೇಕು, ಆಮೇಲೇ ಕೈ ಇಳಿಸಬೇಕು. ಅವಳು ಆರಿಸದೆ ಕೈ ಇಳಿಸಿದಳು. ಅವಳು ಅವನ ಕಡೆ ತಿರುಗಿ, ಆಗಷ್ಟೇ ಕಲಿತ ಕನ್ನಡದಲ್ಲಿ, "ನಿಮ್ಮ ದೊಡ್ಡಮ್ಮನ ಲಟ್ಟಣಿಗೆ ಇದಕ್ಕಿಂತ ಹಗುರ ಇತ್ತು" ಅಂದದ್ದು ಇಡೀ ಹಾಲಿಗೆ ಕೇಳಿಸಿತು.