ಕಟಾಫ್‌ನ ಆಚೆ ಈಚೆ 28 ಅಂಕ: ರಾಯಚೂರಿನ ಸ್ಕಾಲರ್‌ಶಿಪ್ ಲೆಕ್ಕದಲ್ಲಿ ನನ್ನ ಅನುಭವ

"ಆರ್‌ಡಿ ನಮ್ಮ ಕಡೆ ನಡೆಯೋದಿಲ್ಲ ಬಿಡ್ರಿ" ಅಂತ ಮೂರು ಜನ ಹೇಳಿದ್ದರು. ಆರ್‌ಡಿ ಅಂದರೆ ರಿಗ್ರೆಶನ್ ಡಿಸ್‌ಕಂಟಿನ್ಯೂಯಿಟಿ ಅನ್ನೋ ಲೆಕ್ಕದ ವಿಧಾನ. ಒಬ್ಬರಿಗೆ ಡೇಟಾ ಸಾಲದು ಅನ್ನಿಸಿತ್ತು. ಇನ್ನೊಬ್ಬರು ಇದು ಹೊಸ ಫ್ಯಾಷನ್ ಅಂದರು. ಸ್ಕಾಲರ್‌ಶಿಪ್ ಕಟಾಫ್‌ನ ಆಚೆ ಈಚೆ ಇರುವವರನ್ನು ಹೋಲಿಸುವ ಈ ವಿಧಾನ 1960ರಲ್ಲೇ ಬಂದದ್ದು, ಅದೂ ಮೆರಿಟ್ ಪ್ರಶಸ್ತಿಯ ಪ್ರಶ್ನೆಗಾಗಿಯೇ. ಮೂರನೆಯವರ ಮಾತು ಮಾತ್ರ ನನಗೆ ನಾಟಿತು. "ಬ್ಯಾಂಡ್‌ವಿಡ್ತ್ ನಿನ್ನ ಕೈಯಲ್ಲಿದೆ. ಬೇಕಾದ ಉತ್ತರ ಬರುವ ತನಕ ಅಗಲ ಮಾಡ್ತಿ, ಇಲ್ಲ ಕಿರಿದು ಮಾಡ್ತಿ" ಅಂದಿದ್ದರು. ಕಟಾಫಿನಿಂದ ಎಷ್ಟು ಅಂಕದ ಒಳಗಿನವರನ್ನು ಲೆಕ್ಕಕ್ಕೆ ಹಿಡಿಯಬೇಕು ಅನ್ನೋ ಅಗಲವೇ ಬ್ಯಾಂಡ್‌ವಿಡ್ತ್. ಆ ಅನುಮಾನ ನ್ಯಾಯವಾದದ್ದೇ. ಈಗ ಕೆಲಸ ಮುಗಿದಿದೆ, ಲೆಕ್ಕ ಗಟ್ಟಿಯಾಗಿ ನಿಂತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ರಾಯಚೂರು, ಕೊಪ್ಪಳ ಕಡೆಯ ಮಕ್ಕಳಿಗೆ ಪಿಯುಸಿ ಓದಲು ಒಂದು ಖಾಸಗಿ ಟ್ರಸ್ಟ್ ವರ್ಷಕ್ಕೆ 8,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಿತ್ತು. ಅರ್ಜಿಗಳನ್ನು ಎಸ್ಸೆಸ್ಸೆಲ್ಸಿಯ 625 ಅಂಕದ ಮೇಲೆ ಸಾಲಾಗಿ ಜೋಡಿಸಿ, ದುಡ್ಡು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಗೆರೆ ಎಳೆಯುತ್ತಿದ್ದರು. ಒಂದು ವರ್ಷ 462, ಇನ್ನೊಂದು ವರ್ಷ 471, ಹೀಗೆ. ಪರೀಕ್ಷೆ ಬರೆಯುವಾಗ ಈ ಗೆರೆ ಯಾರಿಗೂ ಗೊತ್ತಿರಲಿಲ್ಲ. ಅದು 375 ಆಗಿದ್ದರೆ ಫಸ್ಟ್ ಕ್ಲಾಸ್‌ನ ಗೆರೆಯೂ ಅದೇ ಆಗಿ ಎರಡೂ ಕಲೆತುಹೋಗುತ್ತಿದ್ದವು. ಇಲ್ಲಿ ಆ ತೊಂದರೆ ಇರಲಿಲ್ಲ. 2008ರಿಂದ 2012ರ ತನಕ ಐದು ಬ್ಯಾಚು, ಸುಮಾರು 6,800 ಅರ್ಜಿ. ಹತ್ತು ಹನ್ನೆರಡು ವರ್ಷದ ನಂತರ ಇವರ ತಿಂಗಳ ಗಳಿಕೆ ಎಷ್ಟು ಅನ್ನೋದು ನಮ್ಮ ಪ್ರಶ್ನೆ. ಪ್ರತಿಯೊಬ್ಬರ ಅಂಕದಿಂದ ಆ ವರ್ಷದ ಕಟಾಫ್ ಕಳೆದು, ಎಲ್ಲ ಬ್ಯಾಚನ್ನೂ ಸೊನ್ನೆಯ ಗೆರೆಗೆ ತಂದೆ.

ಮೊದಲ ಹೊಡೆತ ಡೆನ್ಸಿಟಿ ಪರೀಕ್ಷೆಯಲ್ಲೇ, ಅಂದರೆ ಗೆರೆಯ ಆಚೆ ಈಚೆ ಜನ ಸಮನಾಗಿ ಹರಡಿದ್ದಾರಾ ಅಂತ ನೋಡುವಾಗಲೇ ಬಿತ್ತು. ಸೊನ್ನೆಯಿಂದ +4ರ ತನಕ ಜನ ಗುಡ್ಡೆ ಬಿದ್ದಿದ್ದರು. −1ರಿಂದ −4ರ ತನಕ ಹಳ್ಳ. ಕಟಾಫ್ ಮೊದಲೇ ಗೊತ್ತಿಲ್ಲದಿದ್ದರೆ ಹೀಗಾಗುವುದು ಹೇಗೆ? ನಾಲ್ಕು ದಿನ ಕೋಡ್ ತಿದ್ದುತ್ತಾ ಕಳೆದೆ, ತಪ್ಪು ಅಲ್ಲಿರಲಿಲ್ಲ. ಕೊನೆಗೆ ಟ್ರಸ್ಟಿನ ಹಳೆಯ ರಿಜಿಸ್ಟರನ್ನೇ ತೆಗೆಸಿದೆ. ಕೆಲವು ಹೆಸರುಗಳ ಮುಂದೆ ನೀಲಿ ಶಾಯಿಯ ಅಂಕ ಹೊಡೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬೇರೆ ಅಂಕ ಬರೆದಿತ್ತು. 459 ಹೊಡೆದು 463. ಗುಮಾಸ್ತರನ್ನು ಕೇಳಿದೆ. "ರೀಟೋಟಲಿಂಗ್ ಹಾಕಿದ್ರು ನೋಡ್ರಿ ಸರ. ಲಿಸ್ಟ್ ಹಚ್ಚಿದ ಮ್ಯಾಲೆ ಎರಡು ಮೂರು ಮಾರ್ಕ್ಸ್ ಕಡಿಮಿ ಬಿದ್ದವರು ಹೊಸ ಮಾರ್ಕ್ಸ್ ಕಾರ್ಡ್ ತಂದು ತೋರಿಸಿದ್ರ, ನಾವು ಕೊಡ್ತಿದ್ವಿ" ಅಂದರು.

ಕಂಪ್ಯೂಟರಿಗೆ ಹತ್ತಿದ್ದು ಕೆಂಪು ಅಂಕ ಮಾತ್ರ. ಗೆರೆಗೆ ಸ್ವಲ್ಪ ಕಡಿಮೆ ಬಿದ್ದು, ಓಡಾಡಿ ಮರುಎಣಿಕೆ ಮಾಡಿಸಿದವರ ಮನೆಯೇ ಬೇರೆ, ಸುಮ್ನೆ ಬಿಟ್ಟವರ ಮನೆಯೇ ಬೇರೆ. ಅವರನ್ನು ಗೆರೆಯ ಮೇಲೆ ಇಟ್ಟರೆ ಹೋಲಿಕೆ ಕೆಟ್ಟಿತು. ಗೆರೆಯ ಸುತ್ತ ನಾಲ್ಕು ಅಂಕ ಕಿತ್ತುಹಾಕುವ ಡೋನಟ್ ದಾರಿ ಇತ್ತು. ಆದರೆ ಗೆರೆಯ ಹತ್ತಿರದವರೇ ಅಲ್ವಾ ನಮ್ಮ ಬಂಡವಾಳ? ಅದನ್ನು ಬಿಟ್ಟು, ಇಬ್ಬರು ಹುಡುಗರನ್ನು ಕೂರಿಸಿ ಐದೂ ರಿಜಿಸ್ಟರಿನ ನೀಲಿ ಅಂಕ ಹತ್ತಿಸಿದೆ. ಹದಿನೆಂಟು ದಿನ ಹಿಡಿಯಿತು, 20 ಸಾವಿರದ ಹತ್ತಿರ ಖರ್ಚಾಯಿತು. ನೀಲಿ ಅಂಕ ಇಟ್ಟ ಕೂಡಲೇ ಗುಡ್ಡೆಯೂ ಹೋಯಿತು, ಹಳ್ಳವೂ ಹೋಯಿತು. ಅದಕ್ಕೆ ಬದಲಾಗಿ ಡಿಸೈನ್ ಫಜಿ ಆಯಿತು, ಅಂದರೆ ಗೆರೆಗೂ ದುಡ್ಡು ಸಿಕ್ಕಿದ್ದಕ್ಕೂ ಪೂರ್ತಿ ತಾಳೆಯಾಗಲಿಲ್ಲ. ಗೆರೆಯ ಕೆಳಗೆ ನೂರಕ್ಕೆ 6 ಜನರಿಗೆ ದುಡ್ಡು ಸಿಕ್ಕಿದೆ, ಮೇಲೆ 92 ಜನರಿಗೆ. ಜಿಗಿತ 86. ಇಷ್ಟು ಸಾಕು.

ಎರಡನೇ ಹೊಡೆತ ಇದಕ್ಕಿಂತ ದೊಡ್ಡದು. ಫೋನ್ ಮಾಡಿ ಗಳಿಕೆ ಕೇಳುವ ಸುತ್ತು ಮುಗಿದಾಗ ಲೆಕ್ಕ ಗೆರೆಯ ಹತ್ತಿರ ತಿಂಗಳ ಗಳಿಕೆಯಲ್ಲಿ 4,300 ರೂಪಾಯಿಯ ಜಿಗಿತ ತೋರಿಸಿತು. ಎಲ್ಲರಿಗೂ ಖುಷಿ. ನನಗೆ ಅನುಮಾನ ಬಂತು. ಗಳಿಕೆಯ ಜಾಗದಲ್ಲಿ "ಸಿಕ್ಕರೋ ಇಲ್ಲವೋ" ಅನ್ನೋ 0, 1 ಇಟ್ಟು ಅದೇ ಆರ್‌ಡಿ ಓಡಿಸಿದೆ. ಗೆರೆಯ ಮೇಲಿನವರಲ್ಲಿ ನೂರಕ್ಕೆ 78 ಜನ ಸಿಕ್ಕಿದ್ದರು, ಕೆಳಗಿನವರಲ್ಲಿ 61. ಕಾರಣ ಹುಡುಕಬೇಕಿರಲಿಲ್ಲ. ದುಡ್ಡು ಪಡೆದವರ ಬ್ಯಾಂಕ್ ಖಾತೆ, ಹೊಸ ಫೋನ್ ನಂಬರ್ ಟ್ರಸ್ಟಿನ ಹತ್ತಿರ ಇದ್ದವು. ಸಿಗದವರದ್ದು ಹಳೆಯ ಅರ್ಜಿಯ ನಂಬರ್ ಮಾತ್ರ. ಅರ್ಜಿಯಲ್ಲಿದ್ದ ತಂದೆಯ ಜಮೀನು, ಊರು, ಇವು ಯಾವುದರಲ್ಲೂ ಗೆರೆಯ ಹತ್ತಿರ ಜಿಗಿತ ಇರಲಿಲ್ಲ. ಆದ್ದರಿಂದ ಬರೀ ಆ ಪಟ್ಟಿ ನೋಡಿ ನೆಮ್ಮದಿಯಾಗಿ ಕೂತಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಬ್ಯಾಂಡ್‌ವಿಡ್ತ್ ಬರೀ ಕಂಪ್ಯೂಟರಿನ ವಿಷಯ ಅಲ್ಲ ಅಂತ ಅರ್ಥವಾದದ್ದು ಆಗಲೇ. ಉಳಿದ ದುಡ್ಡು ಎರಡೂವರೆ ಲಕ್ಷದ ಒಳಗೆ. 6,800 ಜನರಲ್ಲಿ ಸಿಗದವರನ್ನೆಲ್ಲ ಹುಡುಕಲು ಅದು ಏನಕ್ಕೂ ಸಾಲದು. ಆದರೆ ಮೊದಲ ಸುತ್ತಿನ ಡೇಟಾದಲ್ಲೇ ಬ್ಯಾಂಡ್‌ವಿಡ್ತ್ 30ರ ಆಸುಪಾಸು ಬರುತ್ತಿತ್ತು. ಗೆರೆಯಿಂದ 100 ಅಂಕ ದೂರ ಇರುವವನನ್ನು ಹುಡುಕಿ ನನಗೇನು ಲಾಭ? ಹಾಗಾಗಿ ಆಚೆ ಈಚೆ 35 ಅಂಕದ ಒಳಗಿನವರನ್ನು ಮಾತ್ರ ಹುಡುಕಿಸಿದೆ. ಲಿಂಗಸುಗೂರು, ಮಾನ್ವಿ, ಸಿಂಧನೂರು ಕಡೆ ಊರೂರು ಸುತ್ತಿ, ಕಿರಾಣಿ ಅಂಗಡಿಯಲ್ಲಿ, ಹಳೆಯ ಮಾಸ್ತರರ ಹತ್ತಿರ ಕೇಳಿಸಿದೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಹುಡುಕಲು ನಮ್ಮದೇ ಒಂದು ದಾರಿ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ, ಅದರ ಮೇಲೇ ನಮ್ಮ ಮುಂದಿನ ಕೆಲಸ ನಿಂತಿದೆ.

ಒಬ್ಬರಿಗೆ ಸರಾಸರಿ 700 ರೂಪಾಯಿ ಬಿತ್ತು, 315 ಜನ ಹೊಸದಾಗಿ ಸಿಕ್ಕರು. ಸಿಕ್ಕವರ ಪ್ರಮಾಣ ಗೆರೆಯ ಮೇಲೆ ನೂರಕ್ಕೆ 81, ಕೆಳಗೆ 79 ಆಯಿತು. ಹೀಗೆ ಸಿಕ್ಕವರಲ್ಲಿ ಹೆಚ್ಚಿನವರು ಗೆರೆಯ ಕೆಳಗಿನವರು, ಅವರ ಗಳಿಕೆ ತಿಂಗಳಿಗೆ 25 ಸಾವಿರದ ಹತ್ತಿರ! ನಂಬರ್ ಬದಲಾದವರು ಕೆಟ್ಟುಹೋದವರಲ್ಲ, ಬೆಂಗಳೂರಿಗೆ ಹೋಗಿ ನೆಲೆ ನಿಂತವರು. ಊರಲ್ಲೇ ಉಳಿದವರು ಮಾತ್ರ ಹಳೆಯ ನಂಬರಿನಲ್ಲಿ ಸಿಕ್ಕಿದ್ದರು. 4,300 ಇಳಿದು 2,550ಕ್ಕೆ ಬಂತು. ಈ ಅಂಕಿ ನಾನು ನಂಬುತ್ತೇನೆ.

ಇನ್ನು ಬ್ಯಾಂಡ್‌ವಿಡ್ತ್ ಅನುಮಾನ. ಎರಡನೇ ಸುತ್ತಿನ ಗಳಿಕೆ ನೋಡುವ ಮೊದಲೇ ಒಂದು ಹಾಳೆಯಲ್ಲಿ ನಿಯಮ ಬರೆದು, ಕವರಿಗೆ ಅಂಟು ಹಚ್ಚಿ, ಅನುಮಾನ ಪಟ್ಟ ಸರ್ ಹತ್ತಿರವೇ ಕೊಟ್ಟೆ. rdrobust ಪ್ಯಾಕೇಜು ತಾನೇ ಆರಿಸುವ ಅಗಲ, ಅದು 35 ದಾಟಿದರೆ 35. ಜೊತೆಗೆ ಅದರ ಅರ್ಧದ ಉತ್ತರವನ್ನೂ ತೋರಿಸಬೇಕು. ನೇರ ಗೆರೆ ಮಾತ್ರ, ಮೇಲಿನ ಘಾತದ ವಕ್ರರೇಖೆ ಇಲ್ಲ. R ನಲ್ಲಿ ಓಡಿಸಿದ ಸಾಲು ಇಷ್ಟೇ, x0 ಅಂದರೆ ಕಟಾಫ್ ಕಳೆದ ನೀಲಿ ಅಂಕ, got ಅಂದರೆ ದುಡ್ಡು ಸಿಕ್ಕಿತೋ ಇಲ್ಲವೋ:

```r
rdrobust(y = income, x = x0, c = 0, fuzzy = got,
         bwselect = "mserd", masspoints = "adjust")
```

ಅಗಲ 28 ಬಂತು. ಜಿಗಿತ 2,550, ಅದನ್ನು 0.86ರಿಂದ ಭಾಗಿಸಿದರೆ ದುಡ್ಡು ನಿಜವಾಗಿ ಪಡೆದವರಿಗೆ ತಿಂಗಳಿಗೆ ಸುಮಾರು 3,000 ರೂಪಾಯಿ ಜಾಸ್ತಿ. ರೋಬಸ್ಟ್ ಸಾಲಿನಲ್ಲಿ, ನಿಜವಾದ ಉತ್ತರ ಇರಬಹುದಾದ ವ್ಯಾಪ್ತಿ 200ರಿಂದ 5,900 ಇದ್ದ ನೆನಪು. ಸೊನ್ನೆಯನ್ನು ಸ್ವಲ್ಪದರಲ್ಲೇ ತಪ್ಪಿಸಿಕೊಂಡಿದೆ, ಅದನ್ನು ಮುಚ್ಚಿಡಲಿಲ್ಲ. ಅರ್ಧ ಮಾಡಿ 14 ಇಟ್ಟಾಗ ಜಿಗಿತ 2,200, ಆದರೆ ವ್ಯಾಪ್ತಿ ಸೊನ್ನೆಯನ್ನು ದಾಟಿ ಕೆಳಗೂ ಹೋಯಿತು. ಜನ ಅರ್ಧ ಆದರೆ ವ್ಯಾಪ್ತಿ ಅಗಲ ಆಗಲೇಬೇಕು. ನಾನು ನೋಡಿದ್ದು ನಡುವಿನ ಅಂಕಿ ಅಲ್ಲೇ ಇದೆಯಾ ಅನ್ನೋದನ್ನು.

ಸರ್‌ಗೆ 80 ಇಟ್ಟು ನೋಡುವ ಆಸೆ. ಇಟ್ಟೆವು. ಜಿಗಿತ 4,900, ವ್ಯಾಪ್ತಿ ಬಹಳ ಕಿರಿದು. "ಇದೇ ಚೆನ್ನಾಗಿದೆಯಲ್ಲೋ" ಅಂದರು. ಆಗ ಐದೈದು ಅಂಕಕ್ಕೆ ಒಂದು ಚುಕ್ಕೆ ಹಾಕಿದ ಚಿತ್ರ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು ತೋರಿಸಿದೆ. ಗೆರೆಯಿಂದ 80, 60 ಅಂಕ ಕೆಳಗಿದ್ದವರ ಗಳಿಕೆ ಹೆಚ್ಚು ಕಡಿಮೆ ಒಂದೇ. ಹತ್ತಿ ಬಿಡಿಸುವುದು, ರೈಸ್ ಮಿಲ್, ಹಮಾಲಿ, ಯಾವುದಕ್ಕೆ ಹೋದರೂ ಅಷ್ಟೇ ಕೂಲಿ. ಗೆರೆಯ ಹತ್ತಿರ ಬಂದಂತೆ ಮಾತ್ರ ಚುಕ್ಕೆಗಳು ಮೇಲೇಳುತ್ತವೆ. ಈ ಬಾಗಿದ ಸಾಲಿಗೆ ಉದ್ದ ನೇರ ಗೆರೆ ಹಾಕಿದರೆ ಅದು ಕೊನೆಯ ಚುಕ್ಕೆಗಳ ಕೆಳಗೇ ಹಾದುಹೋಗುತ್ತದೆ. ಗೆರೆಯ ಹತ್ತಿರ ನೇರ ಸಾಲು 17,100 ಅನ್ನುತ್ತಿತ್ತು, ಅಲ್ಲಿನ ಕೊನೆಯ ಚುಕ್ಕೆ 19,300ರಲ್ಲಿ ಕೂತಿತ್ತು. ಮೇಲಿನ ಬದಿಯಲ್ಲಿ ಅಷ್ಟು ಬಾಗು ಇರಲಿಲ್ಲ, ಅದು ಎರಡೂ ಸಲ 22 ಸಾವಿರದ ಹತ್ತಿರವೇ. ಹೆಚ್ಚಾಗಿ ಬಂದ ಎರಡು ಸಾವಿರ ಚಿಲ್ಲರೆ ಸ್ಕಾಲರ್‌ಶಿಪ್ಪಿನದ್ದಲ್ಲ, ಸ್ಕೇಲಿನದ್ದು. ಅಷ್ಟೇ ಅಲ್ಲ, 35ರ ಆಚೆ ಇರುವವರಲ್ಲಿ ಸಿಗದವರನ್ನು ನಾವು ಹುಡುಕಿಯೇ ಇಲ್ಲ. ಸರ್ ಸ್ಕೇಲನ್ನು ತಾವೇ ತೆಗೆದುಕೊಂಡು ಎರಡು ಸಲ ಇಟ್ಟು ನೋಡಿದರು. ಆಮೇಲೆ ಕವರ್ ಒಡೆದರು.

ನಡುವೆ ಒಂದೆರಡು ಬೇರೆ ಪ್ರಯೋಗವನ್ನೂ ಮಾಡಿದೆ. ಗಳಿಕೆಯ ಲಾಗ್ ತೆಗೆದು ನೋಡಿದೆ, ಕೆಲಸ ಮಾಡದ ಹೆಣ್ಣುಮಕ್ಕಳ ಸೊನ್ನೆಗಳೆಲ್ಲ ಬಿದ್ದುಹೋದವು, ಕೈಬಿಟ್ಟೆ. ತಿಂಗಳಿಗೆ ಮೂರು ಲಕ್ಷ ಹೇಳಿದ ಕಂಟ್ರಾಕ್ಟರ್ ಒಬ್ಬರು +2ರಲ್ಲಿದ್ದರು. ತ್ರಿಕೋನ ಕರ್ನೆಲ್‌ನಲ್ಲಿ ಗೆರೆಗೆ ಹತ್ತಿರ ಇದ್ದಷ್ಟೂ ತೂಕ ಜಾಸ್ತಿ, ಅವರೊಬ್ಬರೇ ಜಿಗಿತವನ್ನು ನಾಲ್ಕೈದು ನೂರು ಎತ್ತುತ್ತಿದ್ದರು. ಅತಿ ಹೆಚ್ಚು ಗಳಿಸುವ ನೂರಕ್ಕೆ ಒಬ್ಬರ ಗಳಿಕೆಯನ್ನು ಒಂದು ಮಿತಿಗೆ ಇಳಿಸಿದ ನಂತರದ ಅಂಕಿಗಳೇ ಇಲ್ಲಿರುವುದು. 371ಜೆ ಬಂದ ಮೇಲೆ ಈ ಕಡೆಯವರಿಗೆ ಸರ್ಕಾರಿ ನೌಕರಿ ಸಿಕ್ಕಿತಲ್ಲ, ಅದು ಕಲೆಯಲಿಲ್ಲವೇ ಅಂತ ಕೇಳುತ್ತಾರೆ. 460 ಅಂಕದವನಿಗೂ 464 ಅಂಕದವನಿಗೂ ಅದೇ ಸರ್ಟಿಫಿಕೇಟು. ಗೆರೆಯಲ್ಲಿ ಜಿಗಿಯದ್ದು ಈ ಲೆಕ್ಕವನ್ನು ಕೆಡಿಸುವುದಿಲ್ಲ. ಸುಳ್ಳು ಕಟಾಫನ್ನು +15ಕ್ಕೆ, −15ಕ್ಕೆ ಸರಿಸಿಯೂ ನೋಡಿದೆ, ಅಲ್ಲಿ ಏನೂ ಇಲ್ಲ.

ವರದಿ ಕೊಟ್ಟ ದಿನ ಟ್ರಸ್ಟಿನ ಹಿರಿಯರು ಒಂದೇ ಪ್ರಶ್ನೆ ಕೇಳಿದರು. "ಗೆರೆಯನ್ನ 400ಕ್ಕೆ ಇಳಿಸಿದ್ರ ಆ ಮಕ್ಕಳಿಗೂ ಮೂರು ಸಾವಿರ ಜಾಸ್ತಿ ಬರ್ತದೇನ್ರಿ?" ನನ್ನ ಲೆಕ್ಕ 465ರ ಆಸುಪಾಸಿನ ಮಕ್ಕಳದ್ದು, 400ರವರ ಬಗ್ಗೆ ಇದರಲ್ಲಿ ಒಂದಕ್ಷರವೂ ಇಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊಪ್ಪಳದ ಅರ್ಜಿಗಳಿಗೆ ಬೇರೆ ಹಣ ಇಟ್ಟು, ಬೇರೆಯೇ ಕೆಳಗಿನ ಗೆರೆ ಎಳೆಯುವುದು ಅಂತ ತೀರ್ಮಾನ ಮಾಡಿದ್ದಾರೆ. ನೀಲಿ ಅಂಕ, ಕೆಂಪು ಅಂಕಕ್ಕೆ ಬೇರೆ ಬೇರೆ ಕಾಲಂ ಇರುವ, ದುಡ್ಡು ಸಿಗದವರ ಫೋನ್ ನಂಬರನ್ನೂ ವರ್ಷವರ್ಷ ಬರೆದಿಡುವ ಹೊಸ ರಿಜಿಸ್ಟರನ್ನು ಗುಮಾಸ್ತರ ಜೊತೆ ಕೂತು ನಾನೇ ಗೆರೆ ಹಾಕಿ ಕೊಟ್ಟು ಬಂದಿದ್ದೇನೆ.